ಸೇಲ್ ಸಮಯದಲ್ಲಿ ಕೂಪನ್, ಬ್ಯಾಂಕ್ ಆಫರ್, ಕ್ಯಾಶ್‌ಬ್ಯಾಕ್: ಮೂರನ್ನೂ ಸೇರಿಸಿ ಲೆಕ್ಕ ಹಾಕುವ ಕ್ರಮ

ನವರಾತ್ರಿಯ ಆಸುಪಾಸಿನಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳು ನಡೆಸುವ ದೊಡ್ಡ ಸೇಲ್‌ಗಳಲ್ಲಿ ಒಂದೇ ವಸ್ತುವಿನ ಪುಟದಲ್ಲಿ ನಾಲ್ಕೈದು ಬಗೆಯ ರಿಯಾಯಿತಿಗಳು ಕಾಣಿಸುತ್ತವೆ. ಹೊಡೆದುಹಾಕಿದ ಎಂಆರ್‌ಪಿಯ ಪಕ್ಕದಲ್ಲಿ ಸೇಲ್ ಬೆಲೆ ಇರುತ್ತದೆ, ಅದರ ಕೆಳಗೆ ಟಿಕ್ ಮಾಡಬೇಕಾದ ಕೂಪನ್, ಅದರ ಕೆಳಗೆ ಬ್ಯಾಂಕ್ ಕಾರ್ಡಿನ ಶೇ. 10ರ ತಕ್ಷಣದ ರಿಯಾಯಿತಿ, ಮತ್ತೂ ಕೆಳಗೆ ನೋ ಕಾಸ್ಟ್ ಇಎಂಐ ಮತ್ತು ಕ್ಯಾಶ್‌ಬ್ಯಾಕ್. ಇವೆಲ್ಲವನ್ನೂ ಕೂಡಿಸಿದರೆ ವಸ್ತು ಅರ್ಧ ಬೆಲೆಗೆ ಬಂದಂತೆ ಭಾಸವಾಗುತ್ತದೆ. ಆದರೆ ಇವುಗಳಲ್ಲಿ ಕೆಲವು ಒಂದರ ಮೇಲೊಂದು ಕೂರುತ್ತವೆ, ಕೆಲವು ಕೂರುವುದಿಲ್ಲ, ಮತ್ತೆ ಕೆಲವು ಕೂತಂತೆ ಕಂಡರೂ ಇನ್ನೊಂದನ್ನು ಕೆಳಗೆ ತಳ್ಳಿಬಿಡುತ್ತವೆ. ಯಾವುದು ಯಾವುದರೊಂದಿಗೆ ಸೇರುತ್ತದೆ ಎಂಬುದನ್ನು ಒಂದು ವಾಷಿಂಗ್ ಮೆಷಿನ್ ಖರೀದಿಯ ಲೆಕ್ಕದ ಮೂಲಕ ನೋಡೋಣ. ಇಲ್ಲಿನ ಬೆಲೆಗಳು ಉದಾಹರಣೆಗಾಗಿ ತೆಗೆದುಕೊಂಡವು. ಆಫರ್‌ನ ಸ್ವರೂಪ ಮಾತ್ರ ಪ್ರತಿ ವರ್ಷವೂ ಕಾಣುವಂಥದ್ದು.

ಸೇಲ್ ಶುರುವಾಗುವ ಮೊದಲು

ಮಾಡಬೇಕಾದ ಮೊದಲ ಕೆಲಸ ಸೇಲ್ ಆರಂಭಕ್ಕಿಂತ ಎರಡು ವಾರ ಮುಂಚಿನದು. ಮನೆಗೆ ನಿಜವಾಗಿ ಬೇಕಾದ ವಸ್ತುವನ್ನು ಮಾಡೆಲ್ ಸಂಖ್ಯೆಯ ಸಮೇತ ಬರೆದಿಟ್ಟುಕೊಳ್ಳಬೇಕು. "ಒಂದು ವಾಷಿಂಗ್ ಮೆಷಿನ್" ಎಂದು ಬರೆದರೆ ಸಾಲದು, ಏಕೆಂದರೆ ಒಂದೇ ಕಂಪನಿಯ ಏಳು ಕೆಜಿ ಟಾಪ್ ಲೋಡ್ ಮೆಷಿನ್‌ಗಳಲ್ಲೇ ಹೀಟರ್ ಇರುವುದು, ಇಲ್ಲದಿರುವುದು, ಸ್ಟೀಲ್ ಡ್ರಮ್ಮಿನದು, ಹಳೆಯ ಸ್ಟಾರ್ ರೇಟಿಂಗಿನದು ಎಂದು ಹಲವು ಮಾಡೆಲ್‌ಗಳಿರುತ್ತವೆ. ಅವುಗಳ ಹೆಸರಿನಲ್ಲಿ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸ. ಸೇಲ್ ದಿನ ಅಗ್ಗವಾಗಿ ಕಾಣುವುದು ಹೆಚ್ಚಿನ ಸಲ ನೀವು ನೋಡಿದ್ದ ಮಾಡೆಲ್ ಆಗಿರುವುದಿಲ್ಲ, ಅದರ ಪಕ್ಕದ ಮಾಡೆಲ್ ಆಗಿರುತ್ತದೆ.

ಅನಂತರ ಆ ಮಾಡೆಲಿನ ಹಿಂದಿನ ಎರಡು ಮೂರು ತಿಂಗಳ ಬೆಲೆಯನ್ನು ನೋಡಬೇಕು. ಬೆಲೆಯ ಇತಿಹಾಸವನ್ನು ರೇಖಾಚಿತ್ರವಾಗಿ ತೋರಿಸುವ ಉಚಿತ ತಾಣಗಳಿವೆ. ಅದು ಬೇಡವೆಂದರೆ ವಸ್ತುವನ್ನು ಕಾರ್ಟಿಗೆ ಹಾಕಿಟ್ಟು, ಕೆಲವು ದಿನಗಳಿಗೊಮ್ಮೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಆಯಿತು. ನಮ್ಮ ಉದಾಹರಣೆಯ ಮೆಷಿನ್ನಿನ ಎಂಆರ್‌ಪಿ 32,000 ರೂಪಾಯಿ ಎಂದಿಟ್ಟುಕೊಳ್ಳಿ. ಸೇಲ್ ಬೆಲೆ 18,990. ಪುಟದಲ್ಲಿ ಶೇ. 40ರಷ್ಟು ಕಡಿತ ಎಂದು ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಆದರೆ ಹಿಂದಿನ ಎರಡು ತಿಂಗಳು ಅದು 19,990ರಿಂದ 20,490ರ ನಡುವೆಯೇ ಮಾರಾಟವಾಗಿದ್ದರೆ, ಸೇಲಿನಿಂದ ನಿಜವಾಗಿ ಇಳಿದದ್ದು ಸಾವಿರದಿಂದ ಸಾವಿರದೈನೂರು ರೂಪಾಯಿ ಮಾತ್ರ. ಎಂಆರ್‌ಪಿಗೆ ಯಾರೂ ಕೊಳ್ಳದ ವಸ್ತುವಿಗೆ ಎಂಆರ್‌ಪಿಯಿಂದ ಲೆಕ್ಕ ಹಾಕಿದ ಉಳಿತಾಯವು ಯಾರ ಜೇಬಿಗೂ ಬರುವುದಿಲ್ಲ.

ಇದೇ ಸಮಯದಲ್ಲಿ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಅದೇ ಮಾಡೆಲಿಗೆ "ಲಾಸ್ಟ್ ರೇಟ್ ಎಷ್ಟು?" ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಹಬ್ಬದ ಸಮಯದಲ್ಲಿ ಅಂಗಡಿಯವರ ಕಾರ್ಡ್ ಸ್ವೈಪ್ ಯಂತ್ರದಲ್ಲೂ ಬ್ಯಾಂಕ್ ಆಫರ್‌ಗಳು ಬರುತ್ತವೆ, ಸ್ಟ್ಯಾಂಡ್ ಅಥವಾ ಕವರನ್ನು ಬಿಟ್ಟಿಯಾಗಿ ಸೇರಿಸಿಕೊಡುವವರೂ ಇದ್ದಾರೆ. ಆನ್‌ಲೈನಿನಲ್ಲಿ ತರಿಸಿದ ಮೆಷಿನ್ನನ್ನು ಅಳವಡಿಸಲು ಬರುವ ತಂತ್ರಜ್ಞರು ಸ್ಟ್ಯಾಂಡ್, ಉದ್ದದ ಪೈಪು, ನಲ್ಲಿಯ ಅಡಾಪ್ಟರ್, ಡ್ರಮ್ ತೊಳೆಯುವ ಪುಡಿ ಎಂದು ಒಂದೊಂದಾಗಿ ಹೊರತೆಗೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆ ಖರ್ಚನ್ನೂ ಎರಡೂ ಕಡೆಯ ಲೆಕ್ಕಕ್ಕೆ ಸೇರಿಸಬೇಕು.

ಇಷ್ಟಾದ ಮೇಲೆ ಆ ವಸ್ತುವಿಗೆ ಒಂದು ಗರಿಷ್ಠ ಬೆಲೆಯನ್ನು ನಿಗದಿಪಡಿಸಿ, ಅಷ್ಟು ಹಣವನ್ನು ಉಳಿತಾಯ ಖಾತೆಯಲ್ಲಿ ಪ್ರತ್ಯೇಕವಾಗಿ ತೆಗೆದಿಡಬೇಕು. ನಮ್ಮ ಮೆಷಿನ್ನಿಗೆ ಅದು 17,500 ಎಂದಿರಲಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೂ ಕೊಡುವ ಹಣ ಖಾತೆಯಲ್ಲಿ ಈಗಾಗಲೇ ಇರಬೇಕು ಎಂಬುದು ಇಡೀ ಲೆಕ್ಕದ ಮೊದಲ ಷರತ್ತು. ಕಳೆದ ತಿಂಗಳ ಬಿಲ್ಲಿನಲ್ಲಿ ಬಾಕಿ ಉಳಿಸಿಕೊಂಡಿರುವ ಕಾರ್ಡನ್ನಂತೂ ಸೇಲಿಗೆ ಬಳಸಲೇಬಾರದು, ಏಕೆಂದರೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಏರಲು ಶುರುವಾಗುತ್ತದೆ.

ರಿಯಾಯಿತಿಗಳು ಯಾವ ಕ್ರಮದಲ್ಲಿ ಕಳೆಯುತ್ತವೆ

ಪ್ರತಿ ರಿಯಾಯಿತಿಯ ಹಿಂದೆ ಬೇರೆ ಬೇರೆ ಜನರ ಹಣವಿರುತ್ತದೆ, ಅವು ಒಂದರ ಮೇಲೊಂದು ಕೂರಲು ಕಾರಣವೂ ಇದೇ. ಸೇಲ್ ಬೆಲೆ ಮತ್ತು ಕೂಪನ್ ಸಾಮಾನ್ಯವಾಗಿ ಮಾರಾಟಗಾರ, ಬ್ರ್ಯಾಂಡ್ ಅಥವಾ ತಾಣದ ಕಡೆಯಿಂದ ಬರುತ್ತವೆ. ತಕ್ಷಣದ ರಿಯಾಯಿತಿಯಲ್ಲಿ ಬ್ಯಾಂಕಿನ ಪಾಲಿರುತ್ತದೆ. ಕಾರ್ಡಿನ ಪಾಯಿಂಟುಗಳನ್ನು ಕಾರ್ಡ್ ಕೊಟ್ಟ ಬ್ಯಾಂಕು ತಾನೇ ಭರಿಸುತ್ತದೆ. ಆದ್ದರಿಂದ ಕೂಪನ್ ಹಾಗೂ ಬ್ಯಾಂಕ್ ಆಫರ್ ಒಟ್ಟಿಗೆ ಸಿಗುವುದು ಸಾಮಾನ್ಯ. ಎರಡು ಬ್ಯಾಂಕ್ ಆಫರ್‌ಗಳು ಒಂದೇ ಆರ್ಡರಿಗೆ ಸಿಗುವುದು ಮಾತ್ರ ಇಲ್ಲವೇ ಇಲ್ಲ ಎನ್ನಬಹುದು, ಏಕೆಂದರೆ ಒಂದು ಆರ್ಡರಿನ ಹಣ ಒಂದೇ ಕಾರ್ಡಿನಿಂದ ಹೋಗುತ್ತದೆ.

ಕಳೆಯುವ ಕ್ರಮ ಹೀಗಿರುತ್ತದೆ: ಸೇಲ್ ಬೆಲೆಯಿಂದ ಮೊದಲು ಕೂಪನ್ ಕಳೆಯುತ್ತದೆ, ಗಿಫ್ಟ್ ಕಾರ್ಡ್ ಅಥವಾ ವಾಲೆಟ್ ಹಣ ಬಳಸಿದ್ದರೆ ಅದೂ ಕಳೆಯುತ್ತದೆ, ಉಳಿದ ಮೊತ್ತ ಕಾರ್ಡಿಗೆ ಬರುತ್ತದೆ, ಆ ಮೊತ್ತದ ಮೇಲೆ ಬ್ಯಾಂಕಿನ ಶೇಕಡಾವಾರು ರಿಯಾಯಿತಿ ಲೆಕ್ಕವಾಗುತ್ತದೆ. ಕಾರ್ಡಿನ ಕ್ಯಾಶ್‌ಬ್ಯಾಕ್ ಎಲ್ಲಕ್ಕಿಂತ ಕೊನೆಯದು. ಕಾರ್ಡಿನಿಂದ ನಿಜವಾಗಿ ಹೋದ ಹಣದ ಮೇಲಷ್ಟೇ ಅದು ಸಿಗುತ್ತದೆ. ಬ್ಯಾಂಕ್ ಆಫರಿನ ದಿನ ಗಿಫ್ಟ್ ಕಾರ್ಡಿನ ಹಣವನ್ನು ಅದೇ ಆರ್ಡರಿಗೆ ಸುರಿಯಬಾರದು ಎನ್ನುವುದು ಇದಕ್ಕಾಗಿಯೇ. ಆಫರ್ ಇಲ್ಲದ ದಿನ ಸಣ್ಣ ಸಾಮಾನು ತರಿಸಲು ಅದನ್ನು ಉಳಿಸಿಕೊಂಡರೆ ಎರಡೂ ದಕ್ಕುತ್ತವೆ.

ಬ್ಯಾಂಕ್ ಆಫರಿನ ಪಕ್ಕದಲ್ಲಿರುವ T&C ಎಂಬ ಕೊಂಡಿಯನ್ನು ಒತ್ತಿ ನಾಲ್ಕು ವಿಷಯಗಳನ್ನು ಹುಡುಕಬೇಕು. ಕನಿಷ್ಠ ಖರೀದಿ ಎಷ್ಟು, ಗರಿಷ್ಠ ರಿಯಾಯಿತಿ ಎಷ್ಟು, ಒಂದು ಕಾರ್ಡಿಗೆ ಎಷ್ಟು ಬಾರಿ, ಇಎಂಐಗೂ ಪೂರ್ತಿ ಪಾವತಿಗೂ ಮಿತಿ ಬೇರೆಯೇ ಎಂಬುದು. ಉಳಿದ ಒಕ್ಕಣೆಯನ್ನು ಆಮೇಲೆ ಓದಿದರೂ ನಡೆಯುತ್ತದೆ. ಕೆಲವು ಆಫರ್‌ಗಳಲ್ಲಿ ಡೆಬಿಟ್ ಕಾರ್ಡಿಗೂ ರಿಯಾಯಿತಿ ಇರುತ್ತದೆ, ಮಿತಿ ಮಾತ್ರ ಸ್ವಲ್ಪ ಕಡಿಮೆ ಇರಬಹುದು. ಕಾರ್ಡ್ ಬಿಲ್ಲು ಕೈಮೀರುವ ಅಭ್ಯಾಸವಿದ್ದವರಿಗೆ ನೂರಿನ್ನೂರು ರೂಪಾಯಿ ಬಿಟ್ಟು ಡೆಬಿಟ್ ಕಾರ್ಡನ್ನೇ ಬಳಸುವುದು ಲಾಭದ ಮಾತು ಎಂಬುದು ನನ್ನ ಅಭಿಪ್ರಾಯ.

ಯಾವ ಕಾರ್ಡು: ಮೆಷಿನ್ನಿನ ಲೆಕ್ಕ

ನಮ್ಮ ಮೆಷಿನ್ನಿಗೆ ಬರೋಣ. ಸೇಲ್ ಬೆಲೆ 18,990, ಪುಟದಲ್ಲಿ ಟಿಕ್ ಮಾಡಬೇಕಾದ ಕೂಪನ್ 500 ರೂಪಾಯಿಯದು. ಟಿಕ್ ಮಾಡಿದ ಮೇಲೆ 18,490. ಸೇಲಿನ ಬ್ಯಾಂಕ್ ಆಫರ್ ಹೀಗಿದೆ: 5,000ಕ್ಕೆ ಮೇಲ್ಪಟ್ಟ ಖರೀದಿಗೆ ಶೇ. 10, ಗರಿಷ್ಠ 1,500 ರೂಪಾಯಿ. ಮನೆಯಲ್ಲಿ ಆ ಬ್ಯಾಂಕಿನ ಒಂದು ಕ್ರೆಡಿಟ್ ಕಾರ್ಡಿದೆ, ಅದರಿಂದ ಮಾಡಿದ ಖರ್ಚಿಗೆ ಶೇ. 1ರಷ್ಟು ಪಾಯಿಂಟು ಸಿಗುತ್ತದೆ. ಅದಲ್ಲದೆ, ಆ ಶಾಪಿಂಗ್ ತಾಣದ ಹೆಸರಿನಲ್ಲೇ ಬೇರೊಂದು ಬ್ಯಾಂಕು ಕೊಟ್ಟ ಕಾರ್ಡೂ ಇದೆ, ಅದಕ್ಕೆ ಆ ತಾಣದಲ್ಲಿ ಯಾವತ್ತೂ ಶೇ. 5 ಕ್ಯಾಶ್‌ಬ್ಯಾಕ್. ಎರಡರಲ್ಲಿ ಯಾವುದನ್ನು ಬಳಸಬೇಕು?

ಆಫರ್ ಇರುವ ಬ್ಯಾಂಕಿನ ಕಾರ್ಡಿನಲ್ಲಿ 18,490ರ ಶೇ. 10 ಅಂದರೆ 1,849 ಆಗುತ್ತದೆ. ಆದರೆ ಮಿತಿ ಇರುವುದು 1,500. ಅದನ್ನು ಕಳೆದರೆ ಕೊಡಬೇಕಾದ ಹಣ 16,990. ಇದರ ಮೇಲೆ ಶೇ. 1ರ ಪಾಯಿಂಟಿನ ಬೆಲೆ ಸುಮಾರು 170 ರೂಪಾಯಿ. ಎಲ್ಲ ಕಳೆದು 16,820ರ ಆಸುಪಾಸು. ಇನ್ನೊಂದು ಕಾರ್ಡಿನಲ್ಲಿ 18,490 ಪೂರ್ತಿ ಹೋಗುತ್ತದೆ, ಆಮೇಲೆ ಸುಮಾರು 925 ರೂಪಾಯಿ ಮರಳಿ ಬಂದು 17,565 ಆಗುತ್ತದೆ. ಮೆಷಿನ್ನಿನ ಮಟ್ಟಿಗೆ ಆಫರ್ ಇರುವ ಬ್ಯಾಂಕಿನ ಕಾರ್ಡೇ ಸರಿ, ನಾವು ಹಾಕಿಕೊಂಡ 17,500ರ ಗೆರೆಯ ಒಳಗೂ ಅದು ಬರುತ್ತದೆ.

ಬೆಲೆ ಏರಿದಂತೆ ಈ ತೀರ್ಮಾನ ತಿರುವು ಪಡೆಯುತ್ತದೆ. 1,500ರ ಮಿತಿ 15,000ಕ್ಕೇ ಮುಟ್ಟುತ್ತದೆ. ಅದಕ್ಕಿಂತ ಮೇಲಿನ ಪ್ರತಿ ರೂಪಾಯಿಗೂ ಬ್ಯಾಂಕ್ ಆಫರಿನಿಂದ ಏನೂ ಸಿಗುವುದಿಲ್ಲ. ಶೇ. 5ರ ಕಾರ್ಡು ಮಾತ್ರ ಬೆಲೆಯೊಂದಿಗೆ ಬೆಳೆಯುತ್ತಲೇ ಹೋಗುತ್ತದೆ. ಈ ಲೆಕ್ಕದಲ್ಲಿ ಎರಡೂ ಸಮವಾಗುವುದು ಸುಮಾರು 37,000 ರೂಪಾಯಿಯ ಹತ್ತಿರ. 50,000ದ ಲ್ಯಾಪ್‌ಟಾಪಿಗೆ ಬ್ಯಾಂಕ್ ಆಫರ್ ಮತ್ತು ಪಾಯಿಂಟು ಸೇರಿ 1,985 ರೂಪಾಯಿ ಬಂದರೆ, ಶೇ. 5ರ ಕಾರ್ಡಿನಲ್ಲಿ 2,500 ಬರುತ್ತದೆ. ಇಲ್ಲಿಯೂ ಒಂದು ಕಣ್ಣಿಡಬೇಕು: ಕೆಲವು ಕಾರ್ಡುಗಳು ತಿಂಗಳಿಗೆ ಅಥವಾ ಮೂರು ತಿಂಗಳಿಗೆ ಇಷ್ಟೇ ಕ್ಯಾಶ್‌ಬ್ಯಾಕ್ ಎಂಬ ಮಿತಿ ಹಾಕಿವೆ, ಇಎಂಐ ಮಾಡಿದರೆ ಕ್ಯಾಶ್‌ಬ್ಯಾಕ್ ಇಲ್ಲ ಎನ್ನುವ ಕಾರ್ಡುಗಳೂ ಹಲವಿವೆ.

ಎರಡು ವಸ್ತು ಕೊಳ್ಳುವುದಿದ್ದರೆ ಒಂದೇ ಆರ್ಡರಿನಲ್ಲಿ ತರಿಸಬೇಕೇ, ಬೇರೆ ಬೇರೆಯಾಗಿ ತರಿಸಬೇಕೇ ಎಂಬುದಕ್ಕೂ ಇದೇ ಮಿತಿಯಲ್ಲಿ ಉತ್ತರವಿದೆ. 14,000ದ ಫೋನು, 12,000ದ ಫ್ರಿಜ್ಜು ಒಂದೇ ಆರ್ಡರಿನಲ್ಲಿದ್ದರೆ ರಿಯಾಯಿತಿ 1,500ಕ್ಕೆ ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಆ ಬ್ಯಾಂಕಿನ ಕಾರ್ಡುಗಳಿದ್ದು ಬೇರೆ ಬೇರೆಯಾಗಿ ತರಿಸಿದರೆ 1,400 ಮತ್ತು 1,200, ಒಟ್ಟು 2,600 ಸಿಗುತ್ತದೆ. ಸ್ನೇಹಿತರ ಕಾರ್ಡು ಕೇಳಿ ಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ವಸ್ತು ವಾಪಸು ಮಾಡಿದರೆ ಹಣ ಅವರ ಕಾರ್ಡಿಗೇ ಹೋಗುತ್ತದೆ, ಬಿಲ್ಲು ತಡವಾದರೆ ದಂಡ ಅವರ ಹೆಸರಿಗೇ ಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಕೊಂಡ ದಿನವೇ ಅವರಿಗೆ ಹಣ ಕಳಿಸಿಬಿಡುವುದಾದರೆ ಮಾತ್ರ ಈ ದಾರಿ ಹಿಡಿಯಬೇಕು.

5,000ದ ಹೊಸ್ತಿಲು

ಸೇಲಿನಲ್ಲಿ ಅತಿಖರ್ಚು ಶುರುವಾಗುವ ಜಾಗ ನಿಖರವಾಗಿ ಇದು. ಕಾರ್ಟಿನಲ್ಲಿ 4,600ರ ಮಿಕ್ಸಿ ಇದೆ, "ಇನ್ನು 400 ರೂಪಾಯಿ ಸೇರಿಸಿದರೆ ಶೇ. 10 ರಿಯಾಯಿತಿ" ಎಂಬ ಸಾಲು ಮೇಲೆ ಕಾಣುತ್ತದೆ. ಸೇರಿಸಬೇಕೋ ಬೇಡವೋ ಎಂಬುದನ್ನು ಮನಸ್ಸಿನ ಮೇಲೆ ಬಿಡದೆ ಲೆಕ್ಕದಿಂದಲೇ ನಿರ್ಧರಿಸಬಹುದು.

ಸರಿಯಾಗಿ 5,000 ರೂಪಾಯಿಯ ಕಾರ್ಟಿಗೆ ಶೇ. 10 ಕಳೆದರೆ ಕೊಡುವುದು 4,500. ಅಂದರೆ ಬೇಕಾದ ವಸ್ತುವಿನ ಬೆಲೆ 4,500ಕ್ಕಿಂತ ಹೆಚ್ಚಿದ್ದು 5,000 ಮುಟ್ಟದಿದ್ದರೆ, ಕೊರತೆಯಷ್ಟು ಸಾಮಾನು ಸೇರಿಸುವುದು ನಿಜಕ್ಕೂ ಅಗ್ಗ. 4,600ರ ಮಿಕ್ಸಿಗೆ 400ರ ಬಟ್ಟೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಎರಡೂ ಸೇರಿ 4,500ಕ್ಕೆ ಬರುತ್ತವೆ, ಬರಿಯ ಮಿಕ್ಸಿಗಿಂತ ನೂರು ರೂಪಾಯಿ ಕಡಿಮೆ. ಬೇಕಾದ ವಸ್ತು 4,500ಕ್ಕಿಂತ ಕೆಳಗಿದ್ದರೆ, ಸೇರಿಸಿದ ಕೂಡಲೇ ಒಟ್ಟು ಖರ್ಚು ಏರುತ್ತದೆ. 3,200ರ ವಸ್ತುವಿಗೆ 1,800ರ ಸಾಮಾನು ಸೇರಿಸಿ 4,500 ಕೊಟ್ಟರೆ, 500 ಉಳಿಯಿತು ಎಂದು ಪುಟ ಹೇಳುತ್ತದೆ, ಖಾತೆಯಿಂದ ಮಾತ್ರ 1,300 ಹೆಚ್ಚು ಹೋಗಿರುತ್ತದೆ. ಸೇರಿಸಿದ್ದು ಹೇಗೂ ಈ ತಿಂಗಳು ಕೊಳ್ಳಬೇಕಾಗಿದ್ದ ಸಾಮಾನಾಗಿದ್ದರೆ ತೊಂದರೆಯಿಲ್ಲ. ಆ ಕ್ಷಣದಲ್ಲಿ ಹುಡುಕಿ ಹಾಕಿದ್ದಾದರೆ ಅದು ಖರ್ಚೇ. ಶೇಕಡಾ ಹತ್ತರ ಯಾವ ಆಫರಿಗೂ ಹೊಸ್ತಿಲಿನ ಹತ್ತರಲ್ಲಿ ಒಂಬತ್ತು ಪಾಲನ್ನು ಗೆರೆಯಾಗಿ ಇಟ್ಟುಕೊಂಡರೆ ಸಾಕು. ಕನಿಷ್ಠ ಖರೀದಿಯ ಷರತ್ತು ಇಡೀ ಕಾರ್ಟಿಗೆ ಅನ್ವಯಿಸುತ್ತದೆಯೋ ಒಂದೊಂದು ವಸ್ತುವಿಗೋ ಎಂಬುದನ್ನು T&Cಯಲ್ಲಿ ನೋಡಿಕೊಂಡೇ ಇದನ್ನು ಮಾಡಬೇಕು.

ಇದೇ ಹೊಸ್ತಿಲಿನಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತದೆ. 5,200ರ ವಸ್ತುವಿಗೆ 300ರ ಕೂಪನ್ ಇದೆ ಎಂದುಕೊಳ್ಳಿ. ಕೂಪನ್ ಟಿಕ್ ಮಾಡಿದರೆ ಬೆಲೆ 4,900ಕ್ಕೆ ಇಳಿಯುತ್ತದೆ, ಬ್ಯಾಂಕ್ ಆಫರಿಗೆ ಬೇಕಾದ 5,000ಕ್ಕಿಂತ ಕೆಳಗೆ ಬಂದುದರಿಂದ ಬ್ಯಾಂಕ್ ರಿಯಾಯಿತಿ ಕಾಣೆಯಾಗುತ್ತದೆ. ಕೂಪನನ್ನು ಬಿಟ್ಟರೆ 5,200ಕ್ಕೆ 520 ಕಳೆದು 4,680. ರಿಯಾಯಿತಿಯನ್ನು ಬೇಡವೆಂದದ್ದರಿಂದಲೇ 220 ರೂಪಾಯಿ ಉಳಿಯುತ್ತದೆ. ಕನಿಷ್ಠ ಮೊತ್ತದ ಹತ್ತಿರವಿರುವ ಬೆಲೆಗಳಲ್ಲಿ ಕೂಪನ್ ಹಾಕಿ ಒಮ್ಮೆ, ತೆಗೆದು ಒಮ್ಮೆ, ಪಾವತಿ ಪುಟದವರೆಗೂ ಹೋಗಿ ಕೊನೆಯ ಮೊತ್ತವನ್ನು ನೋಡಿ ಹಿಂದೆ ಬರಬೇಕು. ಕಾರ್ಡ್ ಸಂಖ್ಯೆ ಕೊಟ್ಟು ಆಫರ್ ಅನ್ವಯವಾದ ಮೇಲೆ, ಒಟಿಪಿ ಬರುವ ಮೊದಲು ತೋರಿಸುವ ಮೊತ್ತವೇ ನಿಜವಾದ ಬೆಲೆ. ಬ್ಯಾಂಕ್ ರಿಯಾಯಿತಿ ಪಡೆದ ಆರ್ಡರಿಗೆ ಸಣ್ಣದೊಂದು ಶುಲ್ಕ ಸೇರಿಸುವ ರೂಢಿಯೂ ಈಚೆಗೆ ಕೆಲವೆಡೆ ಬಂದಿದೆ, ಅದು ಕಾಣುವುದೂ ಇದೇ ಪುಟದಲ್ಲಿ.

ಕಾರ್ಟಿನಲ್ಲಿ ನೀವು ಹಾಕದ ಹೆಚ್ಚುವರಿ ವಾರಂಟಿ ತಾನಾಗಿ ಸೇರಿಕೊಂಡಿದೆಯೇ ಎಂಬುದನ್ನೂ ಅಲ್ಲಿಯೇ ನೋಡಿ. ಹಾಗೆ ಸೇರಿಸುವುದು, "ಇನ್ನು ಎರಡೇ ಉಳಿದಿವೆ" ಎಂಬ ಸುಳ್ಳು ಅವಸರ ಹುಟ್ಟಿಸುವುದು, ಕೊನೆಯಲ್ಲಿ ಶುಲ್ಕ ತೋರಿಸುವುದು, ಇವೆಲ್ಲವನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಕೊಳ್ಳುವವರನ್ನು ದಾರಿತಪ್ಪಿಸುವ, ನಿಷೇಧಿತ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿಗೆ ಸೇರಿಸಿದೆ. ನಿಷೇಧವಿದ್ದರೂ ಕಣ್ಣು ತೆರೆದಿಟ್ಟುಕೊಳ್ಳುವುದು ಕೊಳ್ಳುವವರ ಪಾಲಿಗೇ ಬಿಟ್ಟಿದೆ.

ನೋ ಕಾಸ್ಟ್ ಇಎಂಐಗೆ ಎಷ್ಟು ಖರ್ಚು

ಪೂರ್ತಿ ಪಾವತಿಗೆ 1,500 ಇರುವ ಮಿತಿ, ಇಎಂಐ ಆಯ್ದರೆ 2,000 ಎಂದು ಹೆಚ್ಚಾಗಿರುವುದನ್ನು ಸೇಲ್‌ಗಳಲ್ಲಿ ಕಾಣಬಹುದು. ನಮ್ಮ ಮೆಷಿನ್ನಿಗೆ ಇದರಲ್ಲಿ 1,849 ಪೂರ್ತಿಯಾಗಿ ಸಿಗುತ್ತದೆ, ಅಂದರೆ 349 ರೂಪಾಯಿ ಹೆಚ್ಚು. ಕೊಡಬೇಕಾದ್ದು 16,641. ಆರು ತಿಂಗಳು ನೋ ಕಾಸ್ಟ್ ಇಎಂಐ ಮಾಡಿದರೆ ತಿಂಗಳಿಗೆ ಸುಮಾರು 2,774. ಇಲ್ಲಿ ಬಡ್ಡಿ ಇಲ್ಲವೆಂದಲ್ಲ. ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ, ಅಷ್ಟು ಮೊತ್ತವನ್ನು ತಾಣವು ಬೆಲೆಯಲ್ಲಿ ಮುಂಚೆಯೇ ಕಳೆದಿರುತ್ತದೆ. ಆದರೆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿಯನ್ನು ಯಾರೂ ಕಳೆಯುವುದಿಲ್ಲ, ಅದು ನಿಮ್ಮ ಬಿಲ್ಲಿಗೇ ಬರುತ್ತದೆ.

ವಾರ್ಷಿಕ ಶೇ. 16ರ ದರದಲ್ಲಿ ಈ ಸಾಲದ ಆರು ತಿಂಗಳ ಬಡ್ಡಿ ಸುಮಾರು 750 ರೂಪಾಯಿ, ಅದರ ಜಿಎಸ್‌ಟಿ 135. ಸಂಸ್ಕರಣಾ ಶುಲ್ಕ 199 ಇದ್ದರೆ ಅದರ ಜಿಎಸ್‌ಟಿ ಸೇರಿ 235. ಒಟ್ಟು 370 ರೂಪಾಯಿ. 349 ಹೆಚ್ಚು ಪಡೆಯಲು 370 ಕೊಟ್ಟಂತಾಯಿತು. ಇಎಂಐಗೆ ಪಾಯಿಂಟು ಕೊಡದ ಕಾರ್ಡಾಗಿದ್ದರೆ 170 ರೂಪಾಯಿಯ ಪಾಯಿಂಟೂ ಹೋಯಿತು. ಹಣ ಕೈಯಲ್ಲಿರುವವರಿಗೆ ಈ ದಾರಿಯಲ್ಲಿ ಏನೂ ಗಿಟ್ಟುವುದಿಲ್ಲ. ಇಎಂಐ ಆಫರಿನ ಹೆಚ್ಚುವರಿ ರಿಯಾಯಿತಿ ಸಾವಿರ ದಾಟಿದ್ದರೆ, ಅಥವಾ ಶುಲ್ಕವನ್ನು ಮನ್ನಾ ಮಾಡಿದ್ದರೆ ಮಾತ್ರ ಮತ್ತೆ ಲೆಕ್ಕ ಹಾಕಿ ನೋಡಬಹುದು. ನನಗೆ ಇದರಲ್ಲಿ ಹೆಚ್ಚು ಅಪಾಯಕಾರಿ ಎನಿಸುವುದು 370 ರೂಪಾಯಿಯಲ್ಲ. 17,500ರ ಗೆರೆ ಹಾಕಿಕೊಂಡವರಿಗೆ "ತಿಂಗಳಿಗೆ ಆರುನೂರು ಹೆಚ್ಚಾದರೆ ಹೀಟರ್ ಇರುವ ಮಾಡೆಲೇ ಬರುತ್ತದಲ್ಲ" ಎನ್ನಿಸುವುದು. ಬೆಲೆಯನ್ನು ಎಂದಿಗೂ ತಿಂಗಳ ಕಂತಿನಲ್ಲಿ ಹೋಲಿಸಬಾರದು, ಒಟ್ಟು ಮೊತ್ತದಲ್ಲೇ ಹೋಲಿಸಬೇಕು.

ಪೂರ್ತಿ ಪಾವತಿ ಮಾಡಿ ಬಿಲ್ಲು ಕಟ್ಟದೆ ಉಳಿಸಿಕೊಂಡರೆ ಸ್ಥಿತಿ ಇದಕ್ಕಿಂತ ಕೆಟ್ಟದು. ತಿಂಗಳಿಗೆ ಶೇ. 3.5 ಬಡ್ಡಿ ಹಾಕುವ ಕಾರ್ಡಿನಲ್ಲಿ 16,990ಕ್ಕೆ ಬಡ್ಡಿ ಸುಮಾರು 595, ಅದರ ಜಿಎಸ್‌ಟಿ 107, ಒಟ್ಟು 700 ರೂಪಾಯಿ. ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಎರಡು ತಿಂಗಳು ಮುಗಿಯುವಷ್ಟರಲ್ಲಿ 1,500ರ ಬ್ಯಾಂಕ್ ರಿಯಾಯಿತಿ ಹೆಚ್ಚುಕಡಿಮೆ ಕರಗಿಹೋಗಿರುತ್ತದೆ.

ಆಮೇಲೆ ಬರುವ ಹಣವನ್ನು ಹೇಗೆ ಎಣಿಸಬೇಕು

ಕ್ಯಾಶ್‌ಬ್ಯಾಕ್ ಎಂಬ ಒಂದೇ ಹೆಸರಿನಲ್ಲಿ ಬಹಳ ಭಿನ್ನವಾದ ವಸ್ತುಗಳಿವೆ. ಕಾರ್ಡಿನ ಬಿಲ್ಲಿನಲ್ಲಿ ಜಮೆಯಾಗುವ ಹಣ ಹಣವೇ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ತಾಣದ ವಾಲೆಟ್ಟಿಗೆ ಬರುವುದು ಅದೇ ತಾಣದಲ್ಲಿ ಮತ್ತೆ ಖರ್ಚು ಮಾಡಿದಾಗ ಮಾತ್ರ ಹಣವಾಗುತ್ತದೆ, ಅವಧಿ ಮುಗಿದರೆ ಅದೂ ಇಲ್ಲ. "ಮುಂದಿನ ವಿಮಾನ ಟಿಕೆಟಿಗೆ 500 ರೂಪಾಯಿ" ಎಂಬ ವೋಚರಿಗೆ, ವಿಮಾನದಲ್ಲಿ ಹೋಗುವುದಿಲ್ಲವಾದರೆ, ಬೆಲೆ ಸೊನ್ನೆ. ಕ್ಯಾಶ್‌ಬ್ಯಾಕ್ ಕೊಡುವ ಬೇರೆ ತಾಣಗಳ ಮೂಲಕ ಶಾಪಿಂಗ್ ತಾಣಕ್ಕೆ ಹೋದರೆ, ಕ್ಯಾಶ್‌ಬ್ಯಾಕ್ ತಾಣಕ್ಕೆ ಸಿಗುವ ಕಮಿಷನ್ನಿನಲ್ಲಿ ಒಂದು ಪಾಲು ನಿಮಗೆ ಬರುತ್ತದೆ. ಆದರೆ ಕೊಂಡಿಯನ್ನು ಒತ್ತಿದ ಮೇಲೆ ಬೇರೆ ತಾಣದ ಕೂಪನ್ ಹಾಕಿದರೆ, ವಸ್ತುವನ್ನು ಮೊದಲೇ ಕಾರ್ಟಿನಲ್ಲಿ ಇಟ್ಟಿದ್ದರೆ, ಅಥವಾ ನಡುವೆ ಇನ್ನೊಂದು ಕೊಂಡಿಯಿಂದ ಹೋದರೆ ಖರೀದಿ ನಿಮ್ಮ ಹೆಸರಿಗೆ ದಾಖಲಾಗದೆ ಹೋಗಬಹುದು. ವಾಪಸಾತಿ ಅವಧಿ ಮುಗಿಯುವವರೆಗೂ ಆ ಹಣ ಖಚಿತವೂ ಆಗುವುದಿಲ್ಲ, ತಿಂಗಳುಗಳೇ ಹಿಡಿಯುತ್ತವೆ.

ಇದಕ್ಕೆ ನಾನು ಸೂಚಿಸುವ ಕ್ರಮ ಸರಳವಾದದ್ದು. ಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವಾಗ, ಪಾವತಿಯ ಕ್ಷಣದಲ್ಲಿ ಕಳೆಯುವ ಹಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮೇಲೆ ಬರುವುದೆಲ್ಲ ಸೊನ್ನೆ ಎಂದೇ ಎಣಿಸಿ. ಕೊಳ್ಳುವುದು ನಿಶ್ಚಯವಾದ ಮೇಲೆ, ಯಾವ ಕಾರ್ಡು, ಯಾವ ದಾರಿ ಎಂದು ಆರಿಸಿಕೊಳ್ಳಲು ಆಮೇಲಿನ ಕ್ಯಾಶ್‌ಬ್ಯಾಕನ್ನು ಲೆಕ್ಕಕ್ಕೆ ತನ್ನಿ. ಮೆಷಿನ್ನಿನ ಉದಾಹರಣೆಯಲ್ಲಿ 17,500ರ ಗೆರೆಯೊಂದಿಗೆ ಹೋಲಿಸಬೇಕಾದ್ದು 16,990ನ್ನೇ ಹೊರತು 16,820ನ್ನಲ್ಲ. ಶೇ. 5ರ ಕಾರ್ಡು ಮಾತ್ರ ಇದ್ದವರಿಗೆ ಹೋಲಿಕೆಗೆ ಬರುವ ಮೊತ್ತ 18,490, ಗೆರೆಗಿಂತ ಸಾವಿರದಷ್ಟು ಹೆಚ್ಚು. ಅಂಥವರು ಅಂಗಡಿಯವರು ಹೇಳಿದ ಲಾಸ್ಟ್ ರೇಟನ್ನು ಮತ್ತೊಮ್ಮೆ ತೆಗೆದು ನೋಡುವುದು ಲೇಸು.

ಕೊಂಡ ಮೇಲೆ

ಆರ್ಡರ್ ಆದ ದಿನವೇ ಮೂರು ಸ್ಕ್ರೀನ್‌ಶಾಟ್‌ಗಳನ್ನು ಒಂದೆಡೆ ಇಟ್ಟುಕೊಳ್ಳಬೇಕು: ಆಫರಿನ ಷರತ್ತು, ಕೊನೆಯ ಮೊತ್ತ ತೋರಿಸಿದ ಪಾವತಿ ಪುಟ, ಆರ್ಡರ್ ಸಂಖ್ಯೆ. ಸೇಲ್ ಮುಗಿದ ಮೇಲೆ ಆಫರಿನ ಪುಟವೇ ಇರುವುದಿಲ್ಲ. ಸಾಧ್ಯವಾದರೆ ತೆಗೆದಿಟ್ಟ ಹಣದಿಂದ ಆ ವಾರವೇ ಕಾರ್ಡಿಗೆ ಪಾವತಿ ಮಾಡಿಬಿಡುವುದು ಉತ್ತಮ. ಬಿಲ್ಲು ಬರುವವರೆಗೆ ಕಾದರೆ ಆ 16,990 ಬೇರೆ ಯಾವುದಕ್ಕೋ ಹೋಗಿರುತ್ತದೆ.

ವಸ್ತು ವಾಪಸು ಮಾಡುವಾಗ ರಿಯಾಯಿತಿಗಳು ಬಂದ ಕ್ರಮದಲ್ಲೇ ಹಿಂದೆ ಹೋಗುತ್ತವೆ. ಮರಳಿ ಬರುವುದು ನೀವು ಕೊಟ್ಟ ಹಣವೇ ಹೊರತು ಪುಟದಲ್ಲಿದ್ದ ಬೆಲೆಯಲ್ಲ. ಮೇಲೆ ಹೇಳಿದ ಮಿಕ್ಸಿ ಮತ್ತು ಲಿಕ್ವಿಡ್ಡಿನ ಆರ್ಡರಿನಲ್ಲಿ 500ರ ರಿಯಾಯಿತಿ ಬೆಲೆಗೆ ತಕ್ಕಂತೆ 460 ಮತ್ತು 40 ಎಂದು ಹಂಚಿಹೋಗಿರುತ್ತದೆ. ಮಿಕ್ಸಿಯನ್ನು ಹಿಂದಿರುಗಿಸಿದರೆ 4,140 ಬರುತ್ತದೆ. ಉಳಿದ ಆರ್ಡರು 5,000ಕ್ಕಿಂತ ಕೆಳಗಿಳಿಯಿತೆಂದು ಪೂರ್ತಿ 500ನ್ನೂ ಹಿಂದೆ ಪಡೆಯುವ ಷರತ್ತಿದ್ದರೆ 4,100 ಬರುತ್ತದೆ. ಹೊಸ್ತಿಲು ದಾಟಲು ಏನನ್ನೋ ಸೇರಿಸಿ ಆಮೇಲೆ ಅದನ್ನು ವಾಪಸು ಮಾಡುತ್ತೇನೆ ಎಂಬ ಉಪಾಯ ಇಲ್ಲಿಯೇ ಮುರಿದುಬೀಳುತ್ತದೆ. ವಾಷಿಂಗ್ ಮೆಷಿನ್ನಿನಂಥ ದೊಡ್ಡ ವಸ್ತುಗಳಿಗೆ ಹಲವು ಕಡೆ ಬದಲಿ ಮಾತ್ರ ಕೊಡುತ್ತಾರೆ, ಹಣ ಮರಳಿಸುವುದಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ತಂದವರ ಎದುರೇ ತೆರೆಸಿ, ಗೀರು, ತಗ್ಗು ಇದ್ದರೆ ಫೋಟೊ ತೆಗೆದುಕೊಂಡು ಅನಂತರ ಒಟಿಪಿ ಕೊಡಬೇಕು. ಇಎಂಐನಲ್ಲಿ ಕೊಂಡು ವಾಪಸು ಮಾಡಿದವರಿಗೆ ಸಂಸ್ಕರಣಾ ಶುಲ್ಕವೂ ಆವರೆಗಿನ ಬಡ್ಡಿಯ ಜಿಎಸ್‌ಟಿಯೂ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ, ಇಎಂಐ ತಾನಾಗಿ ರದ್ದಾಯಿತೇ ಎಂಬುದನ್ನೂ ಬ್ಯಾಂಕಿಗೆ ಕರೆ ಮಾಡಿ ಕೇಳಿಕೊಳ್ಳಬೇಕಾಗುತ್ತದೆ.

ಕಾರ್ಡಿನ ಕ್ಯಾಶ್‌ಬ್ಯಾಕ್ ಯಾವ ದಿನಾಂಕದೊಳಗೆ ಬರಬೇಕೆಂದು ಷರತ್ತಿನಲ್ಲಿ ಬರೆದಿರುತ್ತದೆ. ಆ ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಬಾರದಿದ್ದರೆ ಸ್ಕ್ರೀನ್‌ಶಾಟ್ ಸಮೇತ ಮೊದಲು ಬ್ಯಾಂಕಿಗೆ ಇಮೇಲ್ ಮಾಡಬೇಕು. ತಾಣದ ಕಡೆಯ ತಪ್ಪಾಗಿದ್ದು ಅವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೂ ಕರೆ ಮಾಡಿ ದೂರು ದಾಖಲಿಸಬಹುದು. ದೂರಿಗೆ ಆರ್ಡರ್ ಸಂಖ್ಯೆ, ಪಾವತಿಯ ದಿನಾಂಕ ಮತ್ತು ಆಫರಿನ ಷರತ್ತಿನ ಚಿತ್ರ ಬೇಕಾಗುತ್ತವೆ.